ಕೊಡಬಾರದಿದ್ದ ಮಾತು

ಮೇಡಂ, ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಎರಡು ವರ್ಷದಿಂದ ಮಕ್ಕಳ ಕೌನ್ಸೆಲಿಂಗ್ ಕೆಲಸವನ್ನೂ ನನಗೇ ವಹಿಸಿದ್ದಾರೆ. ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ‘ಯಾರ್ಗೂ ಹೇಳಲ್ಲ ಅಂತ ಮಾತು ಕೊಡಿ ಮಿಸ್’ ಅಂದಳು. ಕೊಟ್ಟೆ. ಮನೆಯ ಜಗಳ, ಒಬ್ಬ ಹುಡುಗನ ವಿಷಯ ಎಲ್ಲ ಹೇಳಿಕೊಂಡಳು. ಕೊನೆಗೆ ‘ಮುಂದಿನ ವರ್ಷ ಗ್ರೂಪ್ ಫೋಟೋದಲ್ಲಿ ನಾನಿರಲ್ಲ ಬಿಡಿ’ ಅಂದಳು. ನನಗೆ ಕೈಕಾಲು ನಡುಗಿತು. ಎಚ್.ಎಂ. ಹತ್ತಿರ ಹೋಗಿ ಅವಳು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಅಪ್ಪ ಅಮ್ಮನನ್ನು ಕರೆಸಿ ಎಲ್ಲವನ್ನೂ ತಿಳಿಸಿದರು. ಸಂಜೆಯೊಳಗೆ ಸ್ಟಾಫ್ ರೂಮಿಗೂ ಗೊತ್ತಾಗಿತ್ತು. ಹುಡುಗನ ವಿಷಯಕ್ಕೆ ಮನೆಯಲ್ಲಿ ಹೊಡೆದರಂತೆ. ಈಗ ಅವಳು ಶಾಲೆಗೆ ಬರುತ್ತಾಳೆ, ನನ್ನ ಮುಖ ನೋಡುವುದಿಲ್ಲ. ನಾನು ಸುಮ್ಮನಿರಬೇಕಿತ್ತಾ?
— ಒಬ್ಬ ಶಿಕ್ಷಕಿ, ಮಂಡ್ಯ ಜಿಲ್ಲೆ

ನಮಸ್ಕಾರ ಮೇಡಂ,

ಇಲ್ಲ, ಸುಮ್ಮನಿರಬಾರದಿತ್ತು. ನೀವು ಎಚ್.ಎಂ. ಹತ್ತಿರ ಹೋಗಿದ್ದು ಸರಿ. ಅದಕ್ಕೆ ಮುಂಚೆ ಕೊಟ್ಟ ಮಾತು ತಪ್ಪು, ಅಲ್ಲಿ ಹೋಗಿ ಹೇಳಿದ್ದರಲ್ಲಿ ಅರ್ಧ ತಪ್ಪು. (ಹುಡುಗಿಯ ಗುರುತು ಸಿಗಬಾರದೆಂದು ನಿಮ್ಮ ಪತ್ರದ ಎರಡು ಮೂರು ವಿವರ ಬದಲಿಸಿ ಅಚ್ಚು ಹಾಕಿದ್ದೇನೆ.)

ಆ ಮಾತನ್ನು ನಾನೂ ಒಮ್ಮೆ ಕೊಟ್ಟಿದ್ದೆ. ಪತ್ರಿಕೆಗೆ ಬರುವ ಮೊದಲು ಕೆಲವು ವರ್ಷ ಮೈಸೂರಿನ ಶಾಲೆಯೊಂದರಲ್ಲಿ ಕೌನ್ಸೆಲರ್ ಆಗಿದ್ದೆ. ಎಂಟನೇ ಕ್ಲಾಸಿನ ಹುಡುಗ, ಶುಕ್ರವಾರದ ಕೊನೆಯ ಪೀರಿಯಡ್. ಅವನು ಹೇಳಿದ್ದು ಕೇಳಿ ಎದೆ ಧಸಕ್ ಅಂತು. ಆದರೆ ಮಾತು ಕೊಟ್ಟಾಗಿದೆಯಲ್ಲ! ಶನಿವಾರ, ಭಾನುವಾರ ಎರಡು ದಿನವೂ ಒದ್ದಾಡಿದೆ, ಯಾರಿಗೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಅವನ ಸೈಕಲ್ ಕಾದೆ. ಬಂದ. ಅವತ್ತು ನನ್ನನ್ನು ಉಳಿಸಿದ್ದು ಅದೃಷ್ಟ ಅಷ್ಟೆ. ಮಾತು ಉಳಿಸಿಕೊಳ್ಳುವ ಹಟದಲ್ಲಿ ಎರಡು ದಿನ ಒಂದು ಜೀವವನ್ನು ಪಣಕ್ಕಿಟ್ಟಿದ್ದೆ.

ಆಮೇಲಿಂದ ಯಾವ ಮಗು ಬಂದು ಕೂತರೂ, ಅದು ಬಾಯಿ ಬಿಡುವ ಮೊದಲೇ ಒಂದು ಮಾತು ಹೇಳುತ್ತಿದ್ದೆ. ‘ನೀನು ಹೇಳಿದ್ದು ನನ್ನ ಹತ್ರಾನೇ ಇರುತ್ತೆ. ಆದರೆ ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ, ಅಥವಾ ಯಾರೋ ನಿನಗೆ ಹಿಂಸೆ ಕೊಡ್ತಿದ್ದಾರೆ ಅಂತ ಗೊತ್ತಾದರೆ, ಅದನ್ನು ನಾನೊಬ್ಬಳೇ ಇಟ್ಕೊಳ್ಳೋಕೆ ಆಗಲ್ಲ. ಆಗ ಯಾರಿಗೆ ಹೇಳೋದು, ಏನು ಹೇಳೋದು ಅಂತ ನಿನ್ನ ಜೊತೆ ಕೂತೇ ತೀರ್ಮಾನ ಮಾಡ್ತೀನಿ.’ ಹೀಗೆ ಹೇಳಿದರೆ ಮಕ್ಕಳು ಮಾತೇ ಆಡಲ್ಲ ಎಂದು ನನ್ನ ಜೊತೆಯವರು ಹೆದರಿಸುತ್ತಿದ್ದರು. ಒಬ್ಬಿಬ್ಬರು ಎದ್ದು ಹೋದರು, ನಿಜ. ಉಳಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದರು. ಫೋಟೋದಲ್ಲಿ ಇರಲ್ಲ ಅನ್ನುವ ಮಗು, ಯಾರಾದರೂ ‘ಯಾಕೆ’ ಅಂತ ಕೇಳಲಿ ಎಂದೇ ಹಾಗೆ ಅಂದಿರುತ್ತದೆ ಅಂತ ನನಗೆ ಅನ್ನಿಸುತ್ತದೆ.

ಆ ‘ಯಾಕೆ’ಯನ್ನು ನೀವು ಕೇಳಿದಿರೋ ಇಲ್ಲವೋ ಪತ್ರದಲ್ಲಿ ಇಲ್ಲ. ಬಹುಶಃ ಕೇಳಿಲ್ಲ. ಕೇಳಿದರೆ ತಲೆಯಲ್ಲಿ ಇಲ್ಲದ್ದನ್ನು ನಾವೇ ತುಂಬಿದಂತೆ ಆಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಹಾಗೆ ಆಗುವುದಿಲ್ಲ. ನೇರವಾಗಿ, ಮೆತ್ತಗೆ ಕೇಳಬೇಕು: ‘ಫೋಟೋದಲ್ಲಿ ಇರಲ್ಲ ಅಂದ್ಯಲ್ಲ, ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಟಿ.ಸಿ. ತಗೊಂಡು ಬೇರೆ ಶಾಲೆಗೆ ಹೋಗುವ ವಿಷಯವೇ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಹೌದು ಅಂದರೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಈ ಯೋಚನೆ ಯಾವಾಗಿನಿಂದ? ಹೇಗೆ ಅಂತಲೂ ಯೋಚನೆ ಮಾಡಿದ್ದೀಯಾ? ಯಾವಾಗ ಅಂತ? ಅದಕ್ಕೆ ಏನಾದರೂ ತಯಾರಿ ಮಾಡಿಕೊಂಡಿದ್ದೀಯಾ? ಹಿಂದೆ ಯಾವತ್ತಾದರೂ ಪ್ರಯತ್ನ ಮಾಡಿದ್ದೆಯಾ? ‘ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು’ ಅನ್ನುವುದಕ್ಕೂ, ದಿನ ಗೊತ್ತು ಮಾಡಿಕೊಂಡು ಕೂತಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಮಗುವಿನ ಜೊತೆ ಕೂತು, ಮನೆಯಲ್ಲಿ ಯಾರಿಗೆ ಹೇಗೆ ಹೇಳೋಣ ಎಂದು ಯೋಚಿಸಲು ಒಂದಿಷ್ಟು ಸಮಯ ಸಿಗುತ್ತದೆ. ಎರಡನೆಯದರಲ್ಲಿ ಅವತ್ತೇ, ಆ ಮಗು ಶಾಲೆಯ ಗೇಟು ದಾಟುವ ಮೊದಲೇ ಹೇಳಬೇಕು. ಎರಡರಲ್ಲಿ ಯಾವುದು ಎಂದು ಗೊತ್ತಾಗದಿದ್ದರೆ ಎರಡನೆಯದು ಎಂದೇ ತಿಳಿಯಬೇಕು. ಬಾಯಲ್ಲಿ ‘ಸುಮ್ನೆ ಅಂದೆ ಮಿಸ್’ ಅನ್ನುತ್ತಾ, ಇಷ್ಟದ ಸಾಮಾನುಗಳನ್ನು ಗೆಳತಿಯರಿಗೆ ಹಂಚುತ್ತಿರುವ ಮಗುವನ್ನು ನಂಬಬೇಡಿ.

ಇನ್ನು ಅರ್ಧ ತಪ್ಪಿನ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆ ಪಡೆಯುವವರ ಗುಟ್ಟು ಕಾಯಬೇಕು ಅನ್ನುತ್ತದೆ. ಎಲ್ಲಿ ಬಿಚ್ಚಬಹುದು ಎಂದೂ ಹೇಳುತ್ತದೆ. ಜೀವಕ್ಕೆ ಅಪಾಯವಿದ್ದರೆ, ಅದನ್ನು ತಪ್ಪಿಸಲು ಎಷ್ಟು ಬೇಕೋ ಅಷ್ಟು ಮಾತ್ರ. ಆ ಕಾಯ್ದೆ ಬರೆದದ್ದು ಡಾಕ್ಟರುಗಳಿಗೆ, ಆಸ್ಪತ್ರೆಗಳಿಗೆ. ಆದರೂ ಶಾಲೆಯ ಚಿಕ್ಕ ರೂಮಿಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಪ್ರತಿ ವಿಷಯಕ್ಕೂ ಒಂದೇ ಪ್ರಶ್ನೆ: ಇದನ್ನು ಹೇಳದಿದ್ದರೆ ಇವತ್ತು ರಾತ್ರಿ ಅವಳನ್ನು ಕಾಯುವುದು ಕಷ್ಟವಾಗುತ್ತದಾ?

ನಿಮ್ಮ ಹುಡುಗಿಯ ವಿಷಯವನ್ನೇ ಹೀಗೆ ಅಳೆಯಿರಿ. ಅವಳಿಗೆ ಸಾಯುವ ಯೋಚನೆ ಬರುತ್ತಿದೆ ಎಂದು ಅಪ್ಪ ಅಮ್ಮನಿಗೆ ಗೊತ್ತಾಗಲೇಬೇಕು. ಅವಳು ಯಾವುದರ ಬಗ್ಗೆ ಯೋಚಿಸಿದ್ದಾಳೋ ಅದನ್ನು ಕೈಗೆ ಸಿಗದಂತೆ ಇಡಬೇಕಾದ್ದರಿಂದ ಅದೂ ಗೊತ್ತಾಗಬೇಕು. ನಿಮ್ಮ ಕಡೆ ಗದ್ದೆಗೆ ಹೊಡೆಯುವ ಔಷಧಿ ಹಟ್ಟಿಯಲ್ಲೋ ಜಗುಲಿಯ ಮೂಲೆಯಲ್ಲೋ ಇರುತ್ತದೆ. ಅವಳು ಬಾಯಿ ಬಿಡಲಿ, ಬಿಡದಿರಲಿ, ಅದು ಬೀಗದೊಳಗೆ ಹೋಗಲಿ. ಇನ್ನೂ ಒಳ್ಳೆಯದೆಂದರೆ ಕೆಲವು ದಿನ ಮನೆಯಲ್ಲೇ ಇರದಿರಲಿ. ಅಜ್ಜಿಯ ಮಾತ್ರೆ ಡಬ್ಬಿಯೂ ಅಷ್ಟೆ. ಅವಳನ್ನು ಒಂಟಿಯಾಗಿ ಬಿಡಬಾರದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಇಷ್ಟು ಸಾಕು. ಹುಡುಗ ಯಾರು, ಅಪ್ಪನ ಬಗ್ಗೆ ಅವಳು ಏನಂದಳು, ಇವು ಅವಳ ಗುಟ್ಟಾಗಿಯೇ ಉಳಿಯಬಹುದಿತ್ತು. ‘ಕಾರಣ ಏನು, ಹೇಳಿ ಮೇಡಂ’ ಎಂದು ಅಪ್ಪ ಕೇಳೇ ಕೇಳುತ್ತಾರೆ. ‘ಅದನ್ನು ಅವಳೇ ಹೇಳಲಿ, ಇವತ್ತು ಬೇಡ, ಡಾಕ್ಟರ ಮುಂದೆ ಹೇಳಲಿ’ ಅನ್ನಬಹುದು. ಎಚ್.ಎಂ.ಗೂ ಇಷ್ಟೇ ಸಾಕಿತ್ತು. ಸ್ಟಾಫ್ ರೂಮಿಗೆ ಏನೂ ಬೇಕಿರಲಿಲ್ಲ. ಅವಳ ಕ್ಲಾಸ್ ಟೀಚರ್‌ಗೆ ಮಾತ್ರ, ‘ಕ್ಲಾಸಿನಿಂದ ಒಬ್ಬಳೇ ಹೊರಗೆ ಹೋದರೆ ತಕ್ಷಣ ಹೇಳಿ’ ಎಂಬಷ್ಟು.

ಹೇಳುವ ಮೊದಲು ಅವಳನ್ನು ಕೇಳಬೇಕಿತ್ತು. ಹೇಳಲೋ ಬೇಡವೋ ಎಂದಲ್ಲ, ಅದು ಅವಳ ಕೈಯಲ್ಲಿಲ್ಲ. ಮೊದಲು ಅಮ್ಮನಿಗೆ ಹೇಳೋಣವಾ ಅಪ್ಪನಿಗಾ, ನೀನೇ ಹೇಳ್ತೀಯಾ ನಾನು ಹೇಳಲಾ, ಯಾವುದು ಬೇಡ. ಇಷ್ಟು ಆಯ್ಕೆ ಸಿಕ್ಕರೂ ಮಕ್ಕಳಿಗೆ ಮೋಸ ಹೋದ ಹಾಗೆ ಅನ್ನಿಸುವುದು ಕಡಿಮೆ. ಒಬ್ಬಳು ನನಗೆ ‘ಅಪ್ಪಂಗೆ ಬೇಡ, ಸೋದರಮಾವಂಗೆ ಹೇಳಿ’ ಅಂದಿದ್ದಳು. ಮಾವನನ್ನೂ ಅಮ್ಮನನ್ನೂ ಒಟ್ಟಿಗೆ ಕರೆಸಿದೆವು. ಅಪ್ಪನಿಗೆ ವಿಷಯ ಮುಟ್ಟಿದ್ದು ಮಾವನ ಬಾಯಿಂದ, ಅದೂ ಮೆತ್ತಗೆ.

ಅಪ್ಪ ಅಮ್ಮನ ಕಡೆಯಿಂದ ಬರುವ ಮೊದಲ ಮಾತು ಸಾಮಾನ್ಯವಾಗಿ ‘ನಾಟ್ಕ ಆಡ್ತಾವ್ಳೆ ಬುಡಿ’ ಎಂದೇ ಇರುತ್ತದೆ. ಅದರ ಹಿಂದೆ ಇರುವುದು ಗಾಬರಿ. ಹಾಗಾಗಿ ಫೋನಿನಲ್ಲಿ ಹೇಳಿ ಮುಗಿಸಬೇಡಿ, ಕರೆಸಿ, ಕೂರಿಸಿ, ನೀರು ಕೊಟ್ಟು ಹೇಳಿ. ಅವರು ಬರುವವರೆಗೆ ಹುಡುಗಿಯ ಪಕ್ಕ ಒಬ್ಬರು ಇರಲಿ. ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಒಬ್ಬಳನ್ನೇ ಹತ್ತಿಸಬೇಡಿ. ಮತ್ತೊಂದು ಅಭ್ಯಾಸ ನಮ್ಮಲ್ಲಿ ಜಾಸ್ತಿ: ‘ಹಂಗೆಲ್ಲ ಮಾಡ್ಕೊಳಲ್ಲ ಅಂತ ನಿಮ್ಮಮ್ಮನ ಮೇಲೆ ಆಣೆ ಮಾಡು’ ಅನ್ನುವುದು. ಮಗು ಆಣೆ ಮಾಡುತ್ತದೆ, ನಮಗೆ ನೆಮ್ಮದಿಯಾಗುತ್ತದೆ. ಮಗುವಿಗೆ ಏನಾಗುತ್ತದೆ? ಮುಂದಿನ ಸಲ ಆ ಯೋಚನೆ ಬಂದಾಗ ಹೇಳಲು ಬಾಯಿಯೇ ಇರುವುದಿಲ್ಲ. ಆಣೆಯ ಬದಲು ಒಂದು ಹಾಳೆಯಲ್ಲಿ ಅವಳ ಕೈಯಿಂದಲೇ ಬರೆಸಿ. ಆ ಯೋಚನೆ ಶುರುವಾಗುವ ಮುನ್ನ ನನಗೆ ಏನಾಗುತ್ತದೆ, ಆಗ ಏನು ಮಾಡಿದರೆ ಸ್ವಲ್ಪ ಹಗುರಾಗುತ್ತದೆ, ಯಾರ ಹತ್ತಿರ ಹೋಗಿ ಕೂರುತ್ತೇನೆ, ಯಾರಿಗೆ ಫೋನ್ ಮಾಡುತ್ತೇನೆ. ಕೊನೆಯ ಸಾಲಿನಲ್ಲಿ ಟೆಲಿ-ಮಾನಸ್ ಸಹಾಯವಾಣಿಯ 14416 ಇರಲಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆಸ್ಪತ್ರೆ ಅಂದರೆ ಮಂಡ್ಯದಲ್ಲಿ ಮಿಮ್ಸ್ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಮನೋವೈದ್ಯ ವಿಭಾಗಕ್ಕೆ ಹೋಗಬೇಕು. ಪೊಲೀಸ್ ಕೇಸ್ ಆಗುತ್ತದೆ ಎಂದು ಮನೆಯವರು ಹಿಂಜರಿಯುತ್ತಾರೆ. ಸಾಯುವ ಯೋಚನೆ ಬಂದಿದೆ ಎಂದು ಡಾಕ್ಟರಿಗೆ ಹೇಳುವುದು ಯಾವತ್ತೂ ಅಪರಾಧವಾಗಿರಲಿಲ್ಲ. ಪ್ರಯತ್ನ ಮಾಡಿದವರನ್ನು ಶಿಕ್ಷಿಸುತ್ತಿದ್ದ ಐ.ಪಿ.ಸಿ. 309 ಕೂಡ 2024ರ ಜುಲೈನಲ್ಲಿ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ.

ಮನೆಯೇ ಅಪಾಯವಾಗಿದ್ದರೆ ಲೆಕ್ಕ ಬೇರೆ. ಹಿಂಸೆ ಕೊಡುತ್ತಿರುವವರ ಕೈಗೇ ಈ ಮಾತು ಕೊಡಲಾಗುವುದಿಲ್ಲ. ಆಗ ಮಕ್ಕಳ ಸಹಾಯವಾಣಿ 1098, ಅಲ್ಲಿಂದ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ನೀವು ಪೊಲೀಸರಿಗೆ ತಿಳಿಸಲೇಬೇಕು. ಅಲ್ಲಿ ಎಚ್.ಎಂ. ‘ಬೇಡ, ಶಾಲೆ ಹೆಸರು ಹೋಗುತ್ತೆ’ ಅಂದರೂ ನಿಮ್ಮ ಹೊಣೆ ತಪ್ಪುವುದಿಲ್ಲ.

ಪಾಠ ಮಾಡುವವರಿಗೇ ಈ ಕೆಲಸ ಕಟ್ಟುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ ಟೆಸ್ಟ್ ಪೇಪರಿಗೆ ಅಂಕ ಹಾಕಿದವರ ಮುಂದೆ ಮಧ್ಯಾಹ್ನ ಮನಸ್ಸು ಬಿಚ್ಚುವುದು ಮಗುವಿಗೂ ಕಷ್ಟ. 100 ಮಕ್ಕಳಿಗಿಂತ ಕಡಿಮೆ ಇಲ್ಲದ ಕಡೆ ತರಬೇತಿ ಪಡೆದ ಕೌನ್ಸೆಲರ್ ಒಬ್ಬರಾದರೂ ಇರಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ನಿಮ್ಮ ಎಚ್.ಎಂ.ಗೆ ತೋರಿಸಿ. ಅಲ್ಲಿಯವರೆಗೆ ಒಂದು ನೋಟ್‌ಬುಕ್ ಇಡಿ. ತಾರೀಕು, ಸಮಯ, ಅವಳು ಅಂದ ಮಾತು ಅಂದ ಹಾಗೆಯೇ, ನೀವು ಯಾರಿಗೆ ಏನು ಹೇಳಿದಿರಿ. ಬೀರುವಿನಲ್ಲಿ ಬೀಗ ಹಾಕಿ.

ಈಗ ಹುಡುಗಿ. ಅವಳು ಶಾಲೆಗೆ ಬರುತ್ತಿದ್ದಾಳೆ ಎಂದಿದ್ದೀರಿ. ಅದರಿಂದ ಅಪಾಯ ಕಳೆಯಿತು ಎಂದು ಹೇಳಲಾಗುವುದಿಲ್ಲ. ಗುಟ್ಟು ಬಯಲಾಗಿ ಏಟು ತಿಂದ ಮೇಲೆ ಅದು ಹೆಚ್ಚಾಗಿರಲೂಬಹುದು. ಅವಳು ಮುಖ ನೋಡದಿದ್ದರೂ ಹೋಗಿ ಮಾತಾಡಿ. ‘ಹುಡುಗನ ವಿಷಯ ಹೇಳಿದ್ದು ನನ್ನ ತಪ್ಪು, ಅದರಿಂದ ನಿನಗೆ ಏಟು ಬಿತ್ತು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೂ ತಪ್ಪು. ನಿನ್ನ ಜೀವದ ವಿಷಯ ಹೇಳಿದ್ದು ಮಾತ್ರ ತಪ್ಪಲ್ಲ, ಇನ್ನೊಂದು ಸಲ ಆದರೂ ಹೇಳ್ತೀನಿ.’ ಅವಳು ಉತ್ತರ ಕೊಡದಿರಬಹುದು. ಆದರೂ ಆ ಪ್ರಶ್ನೆಯನ್ನು ಕೇಳಿಯೇ ಬನ್ನಿ: ಈಗಲೂ ಆ ಯೋಚನೆ ಬರ್ತಿದೆಯಾ? ನಿಮ್ಮ ಹತ್ತಿರ ಮಾತಾಡಲು ಇಷ್ಟವಿಲ್ಲದಿದ್ದರೆ ಯಾವ ಮಿಸ್ ಆಗಬಹುದು ಎಂದು ಅವಳನ್ನೇ ಕೇಳಿ, ಅವರನ್ನು ಕರೆದುಕೊಂಡು ಬನ್ನಿ.

ಮತ್ತೆ, ಅವಳನ್ನು ಡಾಕ್ಟರಿಗೆ ತೋರಿಸಿದರಾ ಇಲ್ಲವಾ ಎಂದು ನೀವು ಬರೆದೇ ಇಲ್ಲ. ಈ ಸಂಚಿಕೆ ಅಚ್ಚಾಗುವವರೆಗೆ ಕಾಯಿಸಬಾರದೆಂದು ಇದನ್ನೆಲ್ಲ ಹೋದ ವಾರವೇ ನಿಮಗೆ ಅಂಚೆಗೆ ಹಾಕಿದ್ದೇನೆ. ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅವಳ ಅಮ್ಮನಿಗೆ ಫೋನ್ ಮಾಡಿ ಅದೊಂದನ್ನು ಕೇಳಿ.

— ಸಂಪಾದಕಿ