ಜಾವಾ ಆದ ಮೇಲೆ ಏನು: ಒಂದೇ ಕೊರತೆಯ ಲೆಕ್ಕ

ಪ್ರಶ್ನೆ: ದಾವಣಗೆರೆಯ ಒಂದು ಸಣ್ಣ ಕಂಪನಿಯಲ್ಲಿ ಎರಡು ವರ್ಷದಿಂದ ಜಾವಾ ಡೆವಲಪರ್. ಸ್ಪ್ರಿಂಗ್ ಬೂಟ್, ಮೈಎಸ್‌ಕ್ಯೂಎಲ್, ಗಿಟ್ ಗೊತ್ತು. ಬೆಂಗಳೂರಿಗೆ ಹೋಗಬೇಕು ಇಲ್ಲಾ ರಿಮೋಟ್ ಕೆಲಸ ಹಿಡಿಯಬೇಕು. ಪೈಥಾನ್, ರಿಯಾಕ್ಟ್, ಎಡಬ್ಲ್ಯೂಎಸ್ ಇವುಗಳಲ್ಲಿ ಯಾವುದು ಕಲೀಲಿ? ಜಾಬ್ ಪೋಸ್ಟಿಂಗ್ ನೋಡಿದರೆ ಎಲ್ಲಕ್ಕೂ ಡಿಮಾಂಡ್ ಇದ್ದಂಗೆ ಕಾಣುತ್ತೆ.

ಉತ್ತರ:

ಯಾವ ಹೆಸರು ಎಷ್ಟು ಸಲ ಬಂತು ಅಂತ ಎಣಿಸುತ್ತಿದ್ದೀರಿ, ಅದಕ್ಕೇ ಹಂಗೆ ಕಾಣುತ್ತಿದೆ. ಹಾಗೆ ಎಣಿಸಿದರೆ ಪೈಥಾನ್ ಮೇಲೆ ಬರೋದು ಸಹಜ. ಡೇಟಾ ಕೆಲಸ, ಟೆಸ್ಟಿಂಗ್, ಆಟೊಮೇಶನ್ ಎಲ್ಲದರಲ್ಲೂ ಅದರ ಹೆಸರಿರುತ್ತೆ. ಆದರೆ ಆ ಕೆಲಸಗಳಿಗೆ ಪೈಥಾನ್ ಒಂದೇ ಸಾಲದು. ಅದರ ಜೊತೆ ನಿಮ್ಮ ಹತ್ತಿರ ಇಲ್ಲದ ಇನ್ನೂ ನಾಲ್ಕು ವಿಷಯ ಕೇಳಿರುತ್ತಾರೆ. ನೀವು ಎಣಿಸಬೇಕಾದ್ದು ಬೇರೆ: ನಿಮಗೆ ಇನ್ನೊಂದೇ ಒಂದು ಸ್ಕಿಲ್ ಇದ್ದಿದ್ದರೆ ಅರ್ಹರಾಗುತ್ತಿದ್ದ ಪೋಸ್ಟಿಂಗ್ ಎಷ್ಟು, ಆ ಒಂದು ಸ್ಕಿಲ್ ಯಾವುದು ಅಂತ.

ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ಹುದ್ದೆಯ ಹೆಸರು, ಎರಡರಿಂದ ನಾಲ್ಕು ವರ್ಷದ ಅನುಭವ, ಬೆಂಗಳೂರು ಅಥವಾ ರಿಮೋಟ್, ಕಳೆದ 30 ದಿನ ಅಂತ ಸೋಸಿ. ಸ್ಕಿಲ್ ಹೆಸರು ಹಾಕಿ ಹುಡುಕಬೇಡಿ. 'ಎಡಬ್ಲ್ಯೂಎಸ್' ಅಂತ ಹುಡುಕಿದರೆ ಸಿಗುವುದರಲ್ಲೆಲ್ಲ ಎಡಬ್ಲ್ಯೂಎಸ್ ಇದ್ದೇ ಇರುತ್ತೆ, ಅದರಿಂದ ಏನೂ ತಿಳಿಯಲ್ಲ. 'ಬ್ಯಾಕೆಂಡ್ ಡೆವಲಪರ್', 'ಸಾಫ್ಟ್‌ವೇರ್ ಎಂಜಿನಿಯರ್' ಅಂತ ಹುಡುಕಿ. ಐವತ್ತು ಅರವತ್ತು ಪೋಸ್ಟಿಂಗ್ ಸಿಕ್ಕರೆ ಸಾಕು. ಒಂದು ಶೀಟಿನಲ್ಲಿ ಕಂಪನಿ, ತಾರೀಖು, ಕಡ್ಡಾಯ ಅಂದದ್ದು, 'ಇದ್ದರೆ ಒಳ್ಳೇದು' ಅಂದದ್ದು ಇವನ್ನು ಬೇರೆ ಬೇರೆ ಕಾಲಮ್ಮಿಗೆ ಹಾಕಿ.

ಒಂದೇ ಕೆಲಸವನ್ನು ನಾಲ್ಕು ಕನ್ಸಲ್ಟೆನ್ಸಿಗಳು ಹಾಕಿರುತ್ತವೆ, ಕಂಪನಿ ಹೆಸರೂ ಇರಲ್ಲ. ಅನುಮಾನ ಬಂದರೆ ವಿವರಣೆಯ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲಿಸಿ. ಅಚ್ಚುಹೊಡೆದಂಗೆ ಅದೇ ವಾಕ್ಯ ಬೇರೆ ಕಡೆಯೂ ಸಿಕ್ಕರೆ ಒಂದನ್ನು ಇಟ್ಟುಕೊಂಡು ಉಳಿದದ್ದು ಅಳಿಸಿ. ಒಂದೇ ಕಂಪನಿ ಹತ್ತು ಜನರನ್ನು ತಗೊಳ್ಳುತ್ತಿದ್ದರೂ ಒಂದೇ ಅಂತ ಎಣಿಸಿ, ಇಲ್ಲದಿದ್ದರೆ ಅವರೊಬ್ಬರ ಅಭಿರುಚಿಯೇ ಇಡೀ ಮಾರುಕಟ್ಟೆಯ ಅಭಿರುಚಿ ಥರ ಕಾಣುತ್ತೆ.

ಪದ ಹುಡುಕುವಾಗಲೂ ಹುಷಾರು. 'ಜಾವಾ' ಹುಡುಕಿದರೆ ಜಾವಾಸ್ಕ್ರಿಪ್ಟ್ ಕೂಡ ಲೆಕ್ಕಕ್ಕೆ ಬರುತ್ತೆ. ಗೂಗಲ್ ಶೀಟ್ಸಿನಲ್ಲಿ ಹೀಗೆ ಬರೆದರೆ ಪೂರ್ತಿ ಪದ ಮಾತ್ರ ಹಿಡಿಯುತ್ತೆ:

```
=REGEXMATCH(LOWER(C2), "\bjava\b")
```

ಇದೇ ಉಪಾಯ `go` ಭಾಷೆಗೆ ನಡೆಯಲ್ಲ. `go-getter` ಬೇಕು ಅಂತ ಎಚ್‌ಆರ್ ಬರೆದಿದ್ದರೂ ಅದು 'ಹೌದು' ಅನ್ನುತ್ತೆ. ಜೊತೆಗೆ ಒಬ್ಬರು `Kubernetes` ಅಂತ, ಇನ್ನೊಬ್ಬರು `k8s` ಅಂತ ಬರೆದಿರುತ್ತಾರೆ. ಅರವತ್ತು ಸಾಲಿಗೆ ಕಣ್ಣಲ್ಲೇ ಓದುವುದು ವಾಸಿ.

ಈಗ ಲೆಕ್ಕ. ಸುಲಭವಾಗಲಿ ಅಂತ ಐದೇ ಪೋಸ್ಟಿಂಗ್ ಕಲ್ಪಿಸಿಕೊಳ್ಳಿ. ನಿಮಗೆ ಗೊತ್ತಿರುವುದನ್ನು ಬಿಟ್ಟು, ಕಡ್ಡಾಯ ಪಟ್ಟಿಯಲ್ಲಿ ಉಳಿದ ಕೊರತೆ ಇಷ್ಟು ಅಂದುಕೊಳ್ಳೋಣ. ಮೊದಲನೆಯದಕ್ಕೆ ಕಾಫ್ಕಾ. ಎರಡನೆಯದಕ್ಕೆ ಡಾಕರ್ ಮತ್ತು ಎಡಬ್ಲ್ಯೂಎಸ್. ಮೂರನೆಯದಕ್ಕೆ ಡಾಕರ್ ಮಾತ್ರ. ನಾಲ್ಕನೆಯದಕ್ಕೆ ರಿಯಾಕ್ಟ್ ಮತ್ತು ಎಡಬ್ಲ್ಯೂಎಸ್. ಐದನೆಯದಕ್ಕೆ ಪೈಥಾನ್, ಜಾಂಗೊ, ಡಾಕರ್, ಎಡಬ್ಲ್ಯೂಎಸ್.

ಬರೀ ಹೆಸರು ಎಣಿಸಿದರೆ ಡಾಕರ್ ಮೂರು, ಎಡಬ್ಲ್ಯೂಎಸ್ಸೂ ಮೂರು. ಎರಡೂ ಸಮ ಅಂದುಕೊಂಡು ಎಡಬ್ಲ್ಯೂಎಸ್ ಪ್ರಮಾಣಪತ್ರಕ್ಕೆ ದುಡ್ಡು ಕಟ್ಟುವವರೇ ಜಾಸ್ತಿ. ಕೊರತೆಯ ಲೆಕ್ಕದಲ್ಲಿ ನೋಡಿ: ಎಡಬ್ಲ್ಯೂಎಸ್ ಒಂದನ್ನೇ ಕಲಿತರೆ ಒಂದೂ ಕೆಲಸ ತೆರೆಯಲ್ಲ. ಕಾಫ್ಕಾ ಕಲಿತರೆ ಒಂದು, ಡಾಕರ್ ಕಲಿತರೆ ಒಂದು. ಕಾಫ್ಕಾ ಕಲಿತರೆ ಅಲ್ಲಿಗೇ ಮುಗೀತು. ಡಾಕರ್ ಕಲಿತರೆ ಎರಡನೆಯ ಪೋಸ್ಟಿಂಗಿಗೆ ಎಡಬ್ಲ್ಯೂಎಸ್ ಒಂದೇ ಬಾಕಿ ಉಳಿಯುತ್ತೆ. ಹಾಗಾಗಿ ಮೊದಲು ಡಾಕರ್, ಆಮೇಲೆ ಎಡಬ್ಲ್ಯೂಎಸ್. ಏನು ಕಲೀಬೇಕು ಅನ್ನುವುದರ ಜೊತೆಗೆ ಯಾವುದರ ನಂತರ ಯಾವುದು ಅನ್ನುವುದೂ ಈ ಲೆಕ್ಕದಲ್ಲೇ ಸಿಗುತ್ತೆ. ನಿಮ್ಮ ಅರವತ್ತು ಸಾಲಿನಲ್ಲಿ ಉತ್ತರ ಬೇರೆಯೇ ಬರಬಹುದು, ವಿಧಾನ ಇದೇ.

ಕಡ್ಡಾಯ ಪಟ್ಟಿಯನ್ನೂ ಪೂರ್ತಿ ನಂಬಬೇಡಿ. ನಾನು ದಾವಣಗೆರೆಯಲ್ಲೇ ಕೂತು ಬೆಂಗಳೂರಿನ ತಂಡವೊಂದಕ್ಕೆ ಕೆಲಸ ಮಾಡುವವನು, ಜನ ಬೇಕಾದಾಗ ಆ ವಿವರಣೆ ಬರೆಯುವುದೂ ನನ್ನ ತಲೆಗೇ ಬರುತ್ತೆ. ಹಳೆಯದನ್ನು ತೆಗೆದು ಎರಡು ಸಾಲು ತಿದ್ದಿ ಕಳಿಸುತ್ತೇವೆ, ಎಚ್‌ಆರ್ ಅದಕ್ಕೆ ಇನ್ನೊಂದಿಷ್ಟು ಟ್ಯಾಗ್ ಅಂಟಿಸುತ್ತಾರೆ. ನಿಜವಾಗಿ ಬೇಕಾದ್ದು ಯಾವುದು ಅಂತ ತಿಳಿಯಬೇಕಾದರೆ ಕೆಲಸದ ವಿವರಣೆಯ ಭಾಗ ಓದಿ. ಟ್ಯಾಗಿನಲ್ಲಿ ಎಡಬ್ಲ್ಯೂಎಸ್ ಇದ್ದು, ವಿವರಣೆಯಲ್ಲಿ 'ಸರ್ವೀಸುಗಳನ್ನು ಎಡಬ್ಲ್ಯೂಎಸ್ ಮೇಲೆ ಡಿಪ್ಲಾಯ್ ಮಾಡಿ ನೋಡಿಕೊಳ್ಳುವುದು' ಅಂತ ಇದ್ದರೆ ಅದು ಬೇಕೇ ಬೇಕು. ವಿವರಣೆಯಲ್ಲಿ ಅದರ ಸುದ್ದಿಯೇ ಇಲ್ಲದಿದ್ದರೆ ಅದನ್ನು ಅರ್ಧ ಕೊರತೆ ಅಂತ ಎಣಿಸಿ. ರಿಮೋಟ್ ಅಂತ ಮೇಲೆ ಬರೆದು ಕೆಳಗೆ 'ವಾರಕ್ಕೆ ಮೂರು ದಿನ ಆಫೀಸ್' ಅಂದಿರುವುದೂ ಇದೇ ಭಾಗದಲ್ಲಿ ಸಿಕ್ಕಿಬೀಳುತ್ತೆ.

ಇನ್ನೊಂದು ವಿಷಯ ಹೆಸರಿನ ಪಟ್ಟಿಯಲ್ಲಿ ಕಾಣದೇ ಹೋಗುತ್ತೆ, ಆವೃತ್ತಿ. ಸಣ್ಣ ಕಂಪನಿಗಳಲ್ಲಿ ಇವತ್ತಿಗೂ ಜಾವಾ 8 ಓಡುತ್ತಿರುತ್ತೆ, ನಿಮ್ಮಲ್ಲೂ ಅದೇ ಇದ್ದರೆ ಆಶ್ಚರ್ಯವಿಲ್ಲ. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3ಕ್ಕೆ ಕನಿಷ್ಠ ಜಾವಾ 17 ಬೇಕು. `javax` ಅಂತ ಇದ್ದ ಎಷ್ಟೋ ಪ್ಯಾಕೇಜುಗಳು ಅದರಲ್ಲಿ `jakarta` ಆದವು. ಸ್ಪ್ರಿಂಗ್ ಬೂಟ್ 2.7ರ ಉಚಿತ ಬೆಂಬಲ 2023ರ ನವೆಂಬರಿಗೆ ಮುಗಿಯಿತು. ಹಳೇ ಕೋಡನ್ನು ಮೇಲಕ್ಕೆ ತರುವ ಕೆಲಸಕ್ಕೆ ಜನ ಬೇಕಾಗುವುದು ಇದರಿಂದ. ಪೋಸ್ಟಿಂಗ್‌ನಲ್ಲಿ 'ಜಾವಾ 17' ಅಂತ ಇದ್ದರೆ ಅದನ್ನೂ ಒಂದು ಕೊರತೆ ಅಂತಲೇ ಬರೆದುಕೊಳ್ಳಿ. ಹೊಸ ಭಾಷೆ ಕಲಿಯುವ ಶ್ರಮದಲ್ಲಿ ಕಾಲುಭಾಗಕ್ಕೆ ಈ ಕೊರತೆ ತೀರುತ್ತೆ, ಅದಕ್ಕೆ ನಾನಾಗಿದ್ದರೆ ಡಾಕರಿಗೂ ಮೊದಲು ಇದನ್ನೇ ಮುಗಿಸುತ್ತಿದ್ದೆ.

ಟ್ರೆಂಡ್ ನೋಡಬೇಕಾದರೆ ಎರಡು ಮೂರು ತಿಂಗಳ ನಂತರ ಅದೇ ಹುಡುಕಾಟ, ಅದೇ ಸೋಸಣಿಕೆ ಮತ್ತೆ ಮಾಡಿ, ಸಂಖ್ಯೆ ಬಿಟ್ಟು ಶೇಕಡಾ ಹೋಲಿಸಿ. ನೇಮಕಾತಿಯೇ ಕಡಿಮೆಯಾದ ತಿಂಗಳಲ್ಲಿ ಎಲ್ಲದರ ಸಂಖ್ಯೆಯೂ ಇಳಿಯುತ್ತೆ. ಅರವತ್ತು ಸಾಲಿನಲ್ಲಿ ಎರಡು ಮೂರರ ಏರುಪೇರು ಲೆಕ್ಕಕ್ಕಿಲ್ಲ. ಗೂಗಲ್ ಟ್ರೆಂಡ್ಸ್ ಜನ ಏನು ಹುಡುಕುತ್ತಿದ್ದಾರೆ ಅಂತ ಹೇಳುತ್ತೆ, ಅದೂ 0ಯಿಂದ 100ರ ಸಾಪೇಕ್ಷ ಅಳತೆಯಲ್ಲಿ. ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿಗಳು ಹುಡುಕಿದ್ದೂ ಅದರೊಳಗಿರುತ್ತೆ. ಸ್ಟ್ಯಾಕ್ ಓವರ್‌ಫ್ಲೋ ವಾರ್ಷಿಕ ಸಮೀಕ್ಷೆ ಜಗತ್ತಿನ ಡೆವಲಪರುಗಳು ಏನು ಬಳಸುತ್ತಾರೆ ಅನ್ನುವುದಕ್ಕೆ ಸರಿ. ಬೆಂಗಳೂರಿನಲ್ಲಿ ಎರಡು ವರ್ಷ ಅನುಭವದವರಿಂದ ಏನು ಬಯಸುತ್ತಾರೆ ಅನ್ನುವುದಕ್ಕೆ ನಿಮ್ಮ ಶೀಟೇ ಗಟ್ಟಿ.

ನಮ್ಮೂರಿನ ಕೆಲಸಕ್ಕೆ ಮಾತ್ರ ಈ ವಿಧಾನ ಬರಲ್ಲ. ಆಸ್ಪತ್ರೆ, ಸಹಕಾರಿ ಬ್ಯಾಂಕು, ಅಡಿಕೆ ಮಂಡಿಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ತಂಡಗಳು ಪೋರ್ಟಲಿಗೆ ಹಾಕುವುದು ಅಪರೂಪ, ಪರಿಚಯದವರ ಬಾಯಿಂದಲೇ ಜನ ಸಿಗುತ್ತಾರೆ. ಬೆಂಗಳೂರಿನಲ್ಲೂ ರೆಫರಲ್‌ನಿಂದ ತುಂಬಿಹೋಗುವ ಹುದ್ದೆಗಳು ನಿಮ್ಮ ಶೀಟಿಗೆ ಬರಲ್ಲ.

ಒಂದೇ ಕೊರತೆ ಇರುವ ಸಾಲುಗಳಿಗೆ ಕಲಿತು ಮುಗಿಯುವವರೆಗೆ ಕಾಯದೆ ಈಗಲೇ ಅರ್ಜಿ ಹಾಕಿ. ಸಂದರ್ಶನಕ್ಕೆ ಕರೆ ಬಂದರೆ ಅವರು ಕೇಳಿದ ಪ್ರಶ್ನೆಗಳನ್ನು ಅದೇ ಸಾಲಿನ ಮುಂದೆ ಬರೆದಿಡಿ. ಡಾಕರ್ ಕಡ್ಡಾಯ ಅಂದವರೇ ಡಾಕರ್ ಬಗ್ಗೆ ಒಂದೂ ಕೇಳದೆ ಥ್ರೆಡ್ಡು, ಎಸ್‌ಕ್ಯೂಎಲ್ ಇಂಡೆಕ್ಸು ಅಂತಲೇ ಜಗ್ಗಾಡಿದರೆ, ಆ ಸಾಲಿನ ಕೊರತೆಯನ್ನು ತಿದ್ದಿ ಲೆಕ್ಕ ಮತ್ತೆ ಹಾಕಿ.