ಇಂಗುಗುಂಡಿ ಪಕ್ಕದವರ ಗೋಡೆಯ ಬುಡಕ್ಕೆ ಬೇಡ

"ಕಾಸರಗೋಡಿನ ಹತ್ತಿರ 6 ಸೆಂಟ್ಸ್ ಜಾಗ. ನೀರೆಲ್ಲ ಕೆಳಗಿನ ಮನೆಯವರ ಮುರಕಲ್ಲಿನ ಗೋಡೆಯತ್ತ ಹರಿಯುತ್ತದೆ. ಆ ಮೂಲೆಯಲ್ಲೇ ಇಂಗುಗುಂಡಿ ತೋಡಬಹುದಾ?"

ದಯವಿಟ್ಟು ಅಲ್ಲಿ ತೋಡಬೇಡಿ. ನಮ್ಮ ಕಡೆ ಮುರಕಲ್ಲಿನ ಅಡಿಯಲ್ಲಿ ಹೆಚ್ಚಾಗಿ ಶೇಡಿ ಮಣ್ಣು ಇರುತ್ತದೆ. ಬಿಳಿ ಅಥವಾ ನಸುಗೆಂಪು ಬಣ್ಣ, ಒದ್ದೆಯಾದರೆ ಬೆರಳಿಗೆ ಸೋಪಿನ ಹಾಗೆ ಜಾರುತ್ತದೆ. ಅದರೊಳಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಅದರ ಮೇಲೆಯೇ ಜಾರಿ ಗೋಡೆಯ ಹಿಂದೆ ನಿಂತು ಒತ್ತಡ ಹಾಕುತ್ತದೆ. ಗೋಡೆ ಹೊಟ್ಟೆ ಉಬ್ಬಿದಂತೆ ಕಂಡರೆ, ಮಳೆ ನಿಂತು ಎರಡು ದಿನವಾದರೂ ಬುಡ ಒಸರುತ್ತಿದ್ದರೆ ಇದೇ ಕಾರಣ ಇರಬಹುದು.

ಗುಂಡಿಯನ್ನು ಗೋಡೆಯಿಂದಲೂ ಮನೆಯ ಪಾಯದಿಂದಲೂ ಆದಷ್ಟು ದೂರ, ಸಾಧ್ಯವಾದರೆ 5 ಮೀಟರ್ ಬಿಟ್ಟು, ರಸ್ತೆ ಬದಿಗೆ ಮಾಡಿ. ಬಾವಿ, ಸೆಪ್ಟಿಕ್ ಟ್ಯಾಂಕ್ ಹತ್ತಿರವೂ ಬೇಡ. ಮೊದಲು ಗುಂಡಿಯ ಆಳದಲ್ಲಿ ಒಂದಡಿಯ ಕುಳಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಗುಂಡಿ ಸುಮ್ನೆ ಖರ್ಚು.

ಲೆಕ್ಕವನ್ನೂ ನೋಡಿ. 80 ಚದರ ಮೀಟರ್ ಮಾಡಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 4,000 ಲೀಟರ್ ನೀರು. ಉದ್ದ, ಅಗಲ, ಆಳ ಒಂದೂವರೆ ಮೀಟರ್ ಇರುವ ಗುಂಡಿಗೆ ಕಲ್ಲು ತುಂಬಿಸಿದರೆ ಹಿಡಿಯುವುದು ಸುಮಾರು 1,300 ಲೀಟರ್ ಅಷ್ಟೇ. ಆಷಾಢದ ಮಳೆಗೆ ಅದು ಸಾಲದು, ಅಲ್ವಾ? ಹಾಗಾಗಿ ಹೆಚ್ಚಾದ ನೀರು ರಸ್ತೆ ಚರಂಡಿಗೆ ಹೋಗಲು ಪೈಪ್ ಇಡಲೇಬೇಕು.

ಅಂಗಳವನ್ನು ಮನೆಯಿಂದ ಹೊರಕ್ಕೆ 50ಕ್ಕೆ 1ರಂತೆ ಇಳಿಜಾರು ಮಾಡಿ. ಗೋಡೆಗಿಂತ ಒಂದು ಮೀಟರ್ ಈಚೆಗೆ ಸಿಮೆಂಟಿನ ತೋಡು ಕಟ್ಟಿ, ನೀರನ್ನು ರಸ್ತೆಯತ್ತ ತಿರುಗಿಸಿ. ರಸ್ತೆ ಎತ್ತರದಲ್ಲಿದ್ದರೆ ಇದು ಆಗದು. ಆಗ ಕೆಳಗಿನವರ ಜೊತೆ ಕೂತು ಮಾತಾಡಿ, ಅವರ ಒಪ್ಪಿಗೆಯಿಂದ ಪೈಪ್ ದಾಟಿಸಿ.