ಸಂಭಾಷಣೆಯಲ್ಲಿ ಧಾರವಾಡದ ಕಡೆಯ ಮಾತನ್ನು ಬರೆಯುವ ಬಗೆ

ಪ್ರಶ್ನೆ: ನನ್ನ ಕಥೆಯ ತಾಯಿ-ಮಗ ಧಾರವಾಡದ ಕಡೆಯ ರೈತ ಕುಟುಂಬದವರು. ಅವರ ಮಾತನ್ನು ಹಾಗೆಯೇ ಬರೆದರೆ ಬೇರೆ ಕಡೆಯವರಿಗೆ ಓದಲು ಕಷ್ಟ, ಸ್ವಲ್ಪ ಬಣ್ಣ ಹಚ್ಚಿದರೆ ಅಣಕದಂತೆ ಕಾಣುತ್ತದೆ. ಏನು ಮಾಡಲಿ?

ಮೊದಲು ನೋಡಬೇಕಾದದ್ದು ಆ ತಾಯಿಯ ಮಾತನ್ನಲ್ಲ, ಕಥೆಯಲ್ಲಿರುವ ಉಳಿದವರ ಮಾತನ್ನು. ಕನ್ನಡವನ್ನು ಬರೆದಂತೆ ಯಾರೂ ಮಾತನಾಡುವುದಿಲ್ಲ. ಮೈಸೂರಿನ ಪ್ರಾಧ್ಯಾಪಕರೂ ಮನೆಯಲ್ಲಿ ‘ಹೋಗುತ್ತೇನೆ’ ಎನ್ನದೆ ‘ಹೋಗ್ತೀನಿ’ ಎನ್ನುತ್ತಾರೆ. ನಿಮ್ಮ ಕಥೆಯಲ್ಲಿ ಬರುವ ಒಬ್ಬ ಅಧಿಕಾರಿ ‘ನೀವು ನಾಳೆ ಬರಬೇಕಾಗುತ್ತದೆ’ ಎಂದು ಪುಸ್ತಕದ ಭಾಷೆಯಲ್ಲಿಯೂ, ತಾಯಿ ಮಾತ್ರ ‘ನಾಳೆ ಬರ್ತೇನ್ರಿ’ ಎಂದು ಆಡುಮಾತಿನಲ್ಲಿಯೂ ಉತ್ತರಿಸಿದರೆ, ಒಬ್ಬರಿಗೆ ಭಾಷೆಯಿದೆ, ಇನ್ನೊಬ್ಬರಿಗಿರುವುದು ಉಚ್ಚಾರಣೆ ಮಾತ್ರ ಎಂಬ ಭಾವನೆ ಓದುಗರಲ್ಲಿ ಮೂಡುತ್ತದೆ. ಅಣಕವೆನಿಸುವುದಕ್ಕೆ ಮುಖ್ಯ ಕಾರಣ ಇದೇ ಎಂದು ನಾನು ನಂಬುತ್ತೇನೆ. ಆದ್ದರಿಂದ ಅಧಿಕಾರಿಯ ಬಾಯಲ್ಲೂ ‘ನಾಳೆ ಬರಬೇಕಾಗತ್ತೆ’ ಎಂದು ಆಡುಮಾತನ್ನೇ ಇಡಿ.

ಅನಂತರ, ಧ್ವನಿಯನ್ನು ಹಿಡಿಯಲು ಹೋಗದೆ ವ್ಯಾಕರಣವನ್ನು ಹಿಡಿಯಿರಿ. ಒಂದು ಮಾತನ್ನು ತೆಗೆದುಕೊಳ್ಳೋಣ: ‘ಮನೆಯಲ್ಲಿ ಯಾರೂ ಇಲ್ಲ. ನಿನ್ನ ಅಪ್ಪ ಹೊಲಕ್ಕೆ ಹೋಗಿದ್ದಾನೆ, ಬರುವುದು ಸಂಜೆಯಾಗುತ್ತದೆ. ನೀನು ಊಟ ಮಾಡಿ ಮಲಗು.’ ಇದನ್ನು ನಾನು ಮೊದಲ ಸಲ ಬರೆದಾಗ ಹೀಗಿತ್ತು: ‘ಯಪ್ಪಾ, ಮನ್ಯಾಗ ಯಾರೂ ಇಲ್ಲಲೇ, ನಿಮ್ಮಪ್ಪ ಹೊಲಕ್ಕ ಹೋಗ್ಯಾನಲೇ, ಬರೂದು ಸಂಜಿ ಆಕ್ಕೈತಿ ನೋಡ್ಲಾ, ಉಂಡ್ಮಕ್ಕೋ ಮಗನ.’ ಆ ಕಡೆಯ ಓದುಗರೊಬ್ಬರು ಇದನ್ನು ನೋಡಿ, ಯಾವ ತಾಯಿಯೂ ಒಂದೇ ಉಸಿರಿನಲ್ಲಿ ಇಷ್ಟು ಸಲ ಮಗನನ್ನು ಕೂಗುವುದಿಲ್ಲ, ಮೇಲಾಗಿ ‘ನೋಡ್ಲಾ’ ಎಂಬಲ್ಲಿನ ‘ಲಾ’ ಮಂಡ್ಯದ ಕಡೆಯದು ಎಂದು ತೋರಿಸಿಕೊಟ್ಟರು. ತಿದ್ದಿದ ಮೇಲೆ ಉಳಿದದ್ದು ಇಷ್ಟು: ‘ಮನ್ಯಾಗ ಯಾರೂ ಇಲ್ಲ. ನಿಮ್ಮಪ್ಪ ಹೊಲಕ್ಕ ಹೋಗ್ಯಾನ, ಬರೂದು ಸಂಜಿ ಆಗ್ತೈತಿ. ನೀ ಉಂಡು ಮಲಕೋ.’ ಇಲ್ಲಿ ಊರನ್ನು ಹೇಳುತ್ತಿರುವುದು ‘ಮನ್ಯಾಗ’ ಎಂಬುದರ ವಿಭಕ್ತಿ, ‘ಹೋಗ್ಯಾನ’, ‘ಆಗ್ತೈತಿ’ ಎಂಬ ಕ್ರಿಯಾರೂಪಗಳು ಮತ್ತು ‘ಹೊಲಕ್ಕ’ ಎಂಬುದರ ಕೊನೆಯ ಸ್ವರ. ‘ಲೇ’, ‘ಯಪ್ಪಾ’ ಮುಂತಾದ ಸಂಬೋಧನೆಗಳು ಸಿಟ್ಟು, ಮುದ್ದು, ಗಾಬರಿ ಇರುವ ಕಡೆ ಮಾತ್ರ ಬಂದರೆ ಅವಕ್ಕೆ ಅರ್ಥವಿರುತ್ತದೆ.

‘ಆಕ್ಕೈತಿ’ ಎಂಬ ರೂಪವನ್ನು ಬಿಟ್ಟದ್ದು ಅದು ಆ ಕಡೆ ಇಲ್ಲವೆಂದಲ್ಲ. ‘ಆಗ್ತೈತಿ’ ಎಂದರೆ ‘ಆಗು’ ಎಂಬ ಮೂಲ ಬೇರೆ ಕಡೆಯ ಓದುಗರ ಕಣ್ಣಿಗೂ ಕಾಣುತ್ತದೆ. ಎರಡೂ ರೂಪಗಳು ಬಳಕೆಯಲ್ಲಿರುವಾಗ ಧಾತು ಕಾಣುವ ರೂಪವನ್ನೇ ಆರಿಸಿಕೊಳ್ಳುವುದು ನನ್ನ ರೂಢಿ. ‘ಉಂಡ್ಮಕ್ಕೋ’ ಎಂಬಂತೆ ಎರಡು ಪದಗಳನ್ನು ಒತ್ತಕ್ಷರದಲ್ಲಿ ಬೆಸೆದಾಗ ಕನ್ನಡ ಲಿಪಿಯಲ್ಲಿ ಪದದ ಗಡಿಯೇ ಅಳಿಸಿಹೋಗಿ, ಓದುಗ ಹಿಂದಿರುಗಿ ಮತ್ತೆ ಓದಬೇಕಾಗುತ್ತದೆ. ಕಿವಿಗೆ ಸಣ್ಣದಾಗಿ ಕೇಳುವ ಸ್ವರವನ್ನು ಅಲ್ಲಿ ಉಳಿಸಿಕೊಳ್ಳುವುದರಿಂದ ನಷ್ಟವೇನೂ ಇಲ್ಲ, ಏಕೆಂದರೆ ಆ ಕಡೆಯವರು ಅದನ್ನು ತಮ್ಮ ರಾಗದಲ್ಲಿಯೇ ಓದಿಕೊಳ್ಳುತ್ತಾರೆ.

ರೂಪಗಳನ್ನು ಆರಿಸುವಾಗ ಊರಷ್ಟನ್ನೇ ನೋಡಿದರೆ ಸಾಲದು. ಧಾರವಾಡದ ಸುತ್ತ ‘ಇದೆ’ ಎಂಬುದಕ್ಕೆ ‘ಐತಿ’ ಎನ್ನುವ ಮನೆಗಳೂ ‘ಅದ’ ಎನ್ನುವ ಮನೆಗಳೂ ಇವೆ. ಹಾಗೆಯೇ ‘ಮಾಡುತ್ತಿದ್ದಾನೆ’ ಎಂಬುದಕ್ಕೆ ‘ಮಾಡಾಕತ್ತಾನ’ ಎನ್ನುವವರೂ ‘ಮಾಡಲಿಕ್ಕತ್ತಾನ’ ಎನ್ನುವವರೂ ಇದ್ದಾರೆ. ಈ ಆಯ್ಕೆಯಲ್ಲಿ ಜಾತಿ, ಓದು, ಮನೆತನ ಎಲ್ಲವೂ ಸೇರಿರುತ್ತವೆ. ನಿಮ್ಮ ರೈತ ತಾಯಿ ಒಂದು ಪುಟದಲ್ಲಿ ‘ಐತಿ’ ಎಂದು, ಮುಂದಿನ ಪುಟದಲ್ಲಿ ಕಾರಣವಿಲ್ಲದೆ ‘ಅದ’ ಎಂದರೆ, ಅಲ್ಲಿಯವರಿಗೆ ಆಕೆ ಒಬ್ಬ ವ್ಯಕ್ತಿಯಾಗಿ ಕೇಳಿಸುವುದಿಲ್ಲ. ಪ್ರತಿ ಪಾತ್ರಕ್ಕೂ ಐದಾರು ರೂಪಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಕರಡು ಮುಗಿದ ಮೇಲೆ ಆ ಪಾತ್ರದ ಮಾತುಗಳನ್ನಷ್ಟೇ ಒಟ್ಟಿಗೆ ಓದಿದರೆ ಇಂಥ ತಪ್ಪುಗಳು ಕೂಡಲೇ ಕಾಣುತ್ತವೆ. ಮಗ ಊರಿನ ಹೊರಗೆ ಓದಿದವನಾದರೆ ಅವನು ಅಧಿಕಾರಿಯೊಡನೆ ‘ಇದೆ’ ಎಂದೂ ತಾಯಿಯೊಡನೆ ‘ಐತಿ’ ಎಂದೂ ಹೇಳಬಹುದು. ಆ ಬದಲಾವಣೆ ಅವನ ಬಗ್ಗೆ ಒಂದಿಷ್ಟನ್ನು ಹೇಳುತ್ತದೆ.

ಅಪರಿಚಿತ ಪದಗಳಿಗೆ ಆವರಣದಲ್ಲಿ ಅರ್ಥ ಕೊಡಬೇಡಿ. ‘ತಿಳೀವಲ್ದು’ ಎಂಬುದು ಒಂಟಿಯಾಗಿ ಬಂದರೆ ದಕ್ಷಿಣದ ಓದುಗರು ತಡವರಿಸಬಹುದು; ‘ಈ ಅಕ್ಷರ ನನಗ ತಿಳೀವಲ್ದು, ನೀನ ಓದಿ ಹೇಳು’ ಎಂದು ತಾಯಿ ಕಾಗದವನ್ನು ಮಗನ ಕೈಗೆ ಕೊಟ್ಟರೆ ವಾಕ್ಯದ ಎರಡನೆಯ ಅರ್ಧವೇ ಮೊದಲನೆಯದನ್ನು ಬಿಡಿಸಿ ಹೇಳುತ್ತದೆ. ಮಾತಿನಿಂದಾಗಲಿ ಸನ್ನಿವೇಶದಿಂದಾಗಲಿ ಹೀಗೆ ಅರ್ಥವಾಗದ ಪದವನ್ನು, ಅದೆಷ್ಟೇ ಚೆನ್ನಾಗಿದ್ದರೂ, ನಾನು ಕಥೆಯ ಮೊದಲ ಪುಟಗಳಲ್ಲಿ ಇಡುವುದಿಲ್ಲ. ಓದುಗರ ಕಿವಿ ಆ ಮಾತಿಗೆ ಹೊಂದಿಕೊಂಡ ಮೇಲೆ ಅದಕ್ಕೆ ಜಾಗ ಸಿಗುತ್ತದೆ.